ಲಾಭದ ಷೇರು ಮಾರಬೇಕೋ, ನಷ್ಟದ್ದನ್ನೋ? ಮಾರ್ಚ್ ಮುಗಿಯುವ ಮೊದಲು ತೀರ್ಮಾನ ಆಗಬೇಕು

ಹಂಚಿನಮನೆ, ಕಾಪು | ಮಾರ್ಚ್ 12, ಸಂಜೆ 7.40

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆಯ ಹಂಚಿನ ಮನೆ. ಮಾಡಿನ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆ, ಈ ಮಳೆಗಾಲವನ್ನು ತಡೆಯುವುದು ಕಷ್ಟ ಎಂದು ಆಚಾರಿಯವರು ನೋಡಿ ಹೇಳಿ ಹೋಗಿದ್ದಾರೆ. ಮರ, ಕೂಲಿ ಎಲ್ಲ ಸೇರಿ 2,10,000 ರೂಪಾಯಿ ಬೇಕು. ಬ್ಯಾಂಕಿನಲ್ಲಿರುವ ಠೇವಣಿಯನ್ನು ಮುಟ್ಟುವಂತಿಲ್ಲ, ಆದ್ದರಿಂದ ಷೇರು ಮಾರಲು ಹೊರಟಿದ್ದೇನೆ.

ನನ್ನಲ್ಲಿ ದೊಡ್ಡ ಮೊತ್ತದವು ಎರಡೇ. ಒಂದು ಪಂಪು ತಯಾರಿಸುವ ಕಂಪನಿ: ಕಳೆದ ಜುಲೈಯಲ್ಲಿ 500ರಂತೆ 400 ಷೇರು ಕೊಂಡೆ, ಈಗ 750 ಇದೆ. ಇನ್ನೊಂದು ರಾಸಾಯನಿಕ ಕಂಪನಿ: ಕಳೆದ ಏಪ್ರಿಲ್ ಎರಡನೇ ವಾರದಲ್ಲಿ 800ರಂತೆ 500 ಷೇರು ಕೊಂಡೆ, ಈಗ 440ಕ್ಕೆ ಇಳಿದು ಕುಳಿತಿದೆ. ಉಳಿದವು ನಾಲ್ಕು ಸಣ್ಣಪುಟ್ಟವು, ಎಲ್ಲವೂ ನಷ್ಟದಲ್ಲಿವೆ.

ಪಂಪಿನದ್ದನ್ನು 280 ಷೇರು ಮಾರಿದರೆ ನನ್ನ ಕೆಲಸ ಆಗುತ್ತದೆ. ನನ್ನ ಮಾವನವರೂ ಅದನ್ನೇ ಹೇಳುತ್ತಾರೆ: ಬಂದ ಲಾಭವನ್ನು ಕೈಗೆ ತೆಗೆದುಕೋ, ನಷ್ಟದ್ದು ಅಸಲಿಗೆ ಬರುವವರೆಗೆ ಮುಟ್ಟಬೇಡ ಎಂದು. ಆದರೆ ಮಗಳು ನಿನ್ನೆ ರಾತ್ರಿ ಮೊಬೈಲು ನೋಡಿ, "ಅಪ್ಪಾ, ನಿಮ್ಮ ಹತ್ತಿರ ಹಸಿರು ಬಣ್ಣದ್ದು ಒಂದೇ ಉಳಿದಿದೆಯಲ್ಲ, ಉಳಿದವೆಲ್ಲ ಎಲ್ಲಿಗೆ ಹೋದವು?" ಎಂದು ಕೇಳಿದಳು. ಉತ್ತರ ಹೇಳಲು ಹೋಗಿ ನನಗೇ ಸಂಶಯ ಬಂತು. ಈ ವರ್ಷ ಮೂರು ಸಲ ಷೇರು ಮಾರಿದ್ದೇನೆ, ಮೂರು ಸಲವೂ ಲಾಭದಲ್ಲಿದ್ದುದನ್ನೇ ಮಾರಿದ್ದೇನೆ. ಅವುಗಳಿಂದ ಬಂದ ಲಾಭ 64,000. ನೀವೇನು ಹೇಳುತ್ತೀರಿ?

ಬಲ್ಮಠ ಬಾಡಿಗೆದಾರ | ಮಾರ್ಚ್ 12, ರಾತ್ರಿ 8.05

ಇದರಲ್ಲಿ ಯೋಚಿಸಲು ಏನೂ ಇಲ್ಲ ಮಾರಾಯರೇ. ಮಾರುವವರೆಗೆ ನಷ್ಟ ಎಂಬುದು ಬರೀ ಕಾಗದದ ಮೇಲಿನ ಲೆಕ್ಕ. ಮಾರಿದ ಕ್ಷಣವೇ ಅದು ನಿಜವಾದ ನಷ್ಟ. ನಿಮ್ಮ ಮಾವನವರು ಸರಿಯಾಗಿಯೇ ಹೇಳಿದ್ದಾರೆ. ಸಾಧ್ಯವಿದ್ದರೆ ಆ ರಾಸಾಯನಿಕದ್ದನ್ನೇ ಇನ್ನೂ 500 ಕೊಂಡು ಆವರೇಜ್ ಮಾಡಿ. ಸರಾಸರಿ 620ಕ್ಕೆ ಇಳಿಯುತ್ತದೆ, ಹೊರಬರುವುದು ಸುಲಭವಾಗುತ್ತದೆ.

ಮಲ್ಪೆ ಬಂದರು | ಮಾರ್ಚ್ 12, ರಾತ್ರಿ 8.11

ಅವರು ಮಾಡು ರಿಪೇರಿಗೆ ದುಡ್ಡು ಬೇಕು ಎಂದು ಕೇಳುತ್ತಿದ್ದಾರೆ, ನೀವು ಇನ್ನೂ 2,20,000 ಹಾಕಿ ಎನ್ನುತ್ತಿದ್ದೀರಿ.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 12, ರಾತ್ರಿ 9.20

ನಿಮ್ಮ ಮಗಳು ಗುರುತಿಸಿದ, ಲಾಭದ್ದನ್ನು ಬೇಗ ಮಾರಿ ನಷ್ಟದ್ದನ್ನು ಹಿಡಿದುಕೊಳ್ಳುವ ರೂಢಿಗೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರಿದೆ, ಡಿಸ್ಪೊಸಿಷನ್ ಎಫೆಕ್ಟ್ ಎಂದು. 1985ರಲ್ಲಿ ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಇಬ್ಬರು ಅದಕ್ಕೆ ಆ ಹೆಸರಿಟ್ಟರು. ಆಮೇಲೆ ಟೆರೆನ್ಸ್ ಒಡೀನ್ ಎಂಬವರು ಅಮೆರಿಕದ ಒಂದು ಬ್ರೋಕರೇಜ್ ಸಂಸ್ಥೆಯ 10,000 ಖಾತೆಗಳ 1987ರಿಂದ 1993ರವರೆಗಿನ ವ್ಯವಹಾರಗಳನ್ನು ತೆಗೆದುಕೊಂಡು ಎಣಿಸಿದರು. ಅವರು ಎಣಿಸಿದ ರೀತಿ ಬಹಳ ಸರಳವಾಗಿದೆ, ನಿಮ್ಮ ಖಾತೆಗೂ ಅದನ್ನು ಮಾಡಿ ನೋಡಬಹುದು. ಮಾರಿದ ದಿನ ಯಾವುದನ್ನು ಮಾರಿದಿರಿ ಎಂಬುದನ್ನು ಮಾತ್ರ ನೋಡಿದರೆ ಸಾಲದು, ಅದೇ ದಿನ ಮಾರಬಹುದಾಗಿದ್ದೂ ಮಾರದೆ ಬಿಟ್ಟದ್ದು ಯಾವುದು ಎಂಬುದನ್ನೂ ನೋಡಬೇಕು. ಇಲ್ಲವಾದರೆ, ಮಾರುಕಟ್ಟೆ ಏರಿದ ವರ್ಷದಲ್ಲಿ ಎಲ್ಲರ ಬಳಿಯೂ ಲಾಭದ ಷೇರುಗಳೇ ಹೆಚ್ಚಿರುವುದರಿಂದ, ಲಾಭದ್ದನ್ನು ಮಾರಿದವರೆಲ್ಲ ತಪ್ಪು ಮಾಡಿದಂತೆ ಕಾಣುತ್ತದೆ.

ಆದ್ದರಿಂದ ಹಂಚಿನಮನೆಯವರೇ, ನೀವು ಮಾರಿದ ಆ ಮೂರು ದಿನಗಳಲ್ಲಿ ನಿಮ್ಮ ಬಳಿ ಎಷ್ಟು ಷೇರು ಲಾಭದಲ್ಲಿದ್ದವು, ಎಷ್ಟು ನಷ್ಟದಲ್ಲಿದ್ದವು ಎಂದು ಹೇಳಲು ಸಾಧ್ಯವೇ?

ಹಂಚಿನಮನೆ, ಕಾಪು | ಮಾರ್ಚ್ 12, ರಾತ್ರಿ 10.45

ಹಳೆಯ ಬೆಲೆಗಳನ್ನು ಹುಡುಕಲು ಒಂದು ಗಂಟೆ ಹಿಡಿಯಿತು. ಮೊದಲ ಸಲ ಒಂಬತ್ತು ಕಂಪನಿಗಳಿದ್ದವು, ಐದು ಲಾಭದಲ್ಲಿ, ನಾಲ್ಕು ನಷ್ಟದಲ್ಲಿ. ಎರಡನೆಯ ಸಲ ಎಂಟರಲ್ಲಿ ನಾಲ್ಕು ಲಾಭ, ನಾಲ್ಕು ನಷ್ಟ. ಮೂರನೆಯ ಸಲ ಮಾರುಕಟ್ಟೆ ಬಿದ್ದಿತ್ತು, ಏಳರಲ್ಲಿ ಲಾಭದಲ್ಲಿದ್ದುದು ಎರಡೇ. ಆ ಎರಡರಲ್ಲಿ ಒಂದನ್ನು ಮಾರಿದೆ, ಇನ್ನೊಂದು ಈ ಪಂಪಿನದು.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 12, ರಾತ್ರಿ 11.10

ಹಾಗಾದರೆ ಲೆಕ್ಕ ನಿಮ್ಮ ಮುಂದೆಯೇ ಇದೆ. ಲಾಭದ ಷೇರನ್ನು ಮಾರುವ ಅವಕಾಶ ನಿಮಗೆ ಐದು, ನಾಲ್ಕು, ಎರಡು, ಒಟ್ಟು ಹನ್ನೊಂದು ಸಲ ಇತ್ತು. ಮೂರು ಸಲ ಮಾರಿದಿರಿ. ನಷ್ಟದ್ದನ್ನು ಮಾರುವ ಅವಕಾಶ ಹದಿಮೂರು ಸಲ ಇತ್ತು. ಒಂದು ಸಲವೂ ಮಾರಲಿಲ್ಲ. ಒಡೀನ್ ನೋಡಿದ ಖಾತೆಗಳಲ್ಲಿ ಈ ಪ್ರಮಾಣ ಲಾಭದ್ದಕ್ಕೆ ಶೇಕಡಾ 14.8 ಮತ್ತು ನಷ್ಟದ್ದಕ್ಕೆ ಶೇಕಡಾ 9.8 ಇತ್ತು. ನಿಮ್ಮದು ಶೇಕಡಾ 27 ಮತ್ತು ಸೊನ್ನೆ. ಮೂರೇ ಮಾರಾಟಗಳಿಂದ ದೊಡ್ಡ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂಬುದನ್ನು ನಾನೇ ಮೊದಲು ಒಪ್ಪುತ್ತೇನೆ, ಆದರೆ ನಾಲ್ಕನೆಯದನ್ನೂ ಅದೇ ದಾರಿಯಲ್ಲಿ ಮಾಡಲು ಹೊರಟಿದ್ದೀರಿ ಎಂಬುದನ್ನು ಮರೆಯಬೇಡಿ.

ಇನ್ನೊಂದು ವಿಷಯವನ್ನೂ ಅವರು ಗಮನಿಸಿದರು. ಆ ಜನರು ಮಾರಿದ ಲಾಭದ ಷೇರುಗಳು, ಅವರು ಬಿಡದೆ ಹಿಡಿದುಕೊಂಡ ನಷ್ಟದ ಷೇರುಗಳಿಗಿಂತ ಮುಂದಿನ ಒಂದು ವರ್ಷದಲ್ಲಿ ಸರಾಸರಿ 3.4 ಶೇಕಡಾಂಶ ಹೆಚ್ಚು ಗಳಿಸಿದವು. ಅಂದರೆ "ಇಳಿದದ್ದು ಏರಲೇಬೇಕು, ಏರಿದ್ದು ಇಳಿಯಲೇಬೇಕು" ಎಂಬ ನಂಬಿಕೆ ಅವರಿಗೆ ಫಲ ಕೊಡಲಿಲ್ಲ.

ಬಲ್ಮಠ ಬಾಡಿಗೆದಾರ | ಮಾರ್ಚ್ 13, ಬೆಳಿಗ್ಗೆ 7.15

ಅಮೆರಿಕದ ಲೆಕ್ಕ ನಮಗೇಕೆ? ಸರಾಸರಿ ಎಂದರೆ ಅರ್ಧದಷ್ಟು ಷೇರುಗಳು ಏರಿರಲೂಬಹುದು. ಇವರದ್ದು ಆ ಅರ್ಧದಲ್ಲಿ ಇದ್ದರೆ?

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 13, ಬೆಳಿಗ್ಗೆ 7.50

ಇರಬಹುದು. ಅದನ್ನು ಕಂಪನಿಯನ್ನು ನೋಡಿ ಹೇಳಬೇಕು, 800 ಎಂಬ ಸಂಖ್ಯೆಯನ್ನು ನೋಡಿ ಹೇಳಲಾಗದು. ಆ 800 ಇರುವುದು ಇವರ ನೆನಪಿನಲ್ಲಿ ಮತ್ತು ಇವರ ಆ್ಯಪಿನಲ್ಲಿ ಮಾತ್ರ, ಕಂಪನಿಗೆ ಅದು ಗೊತ್ತೇ ಇಲ್ಲ. 440ರಿಂದ 800ಕ್ಕೆ ಹೋಗಲು ಶೇಕಡಾ 82 ಏರಬೇಕು. ನೀವು ಹೇಳಿದಂತೆ ಆವರೇಜ್ ಮಾಡಿದರೂ 620ಕ್ಕೆ ಶೇಕಡಾ 41 ಏರಬೇಕು, ಮತ್ತು ಆಗ ಒಂದೇ ಕಂಪನಿಯಲ್ಲಿ ಇವರು ಹಾಕಿದ ಹಣ 6,20,000 ಆಗಿರುತ್ತದೆ. ಕಾಗದದ ಮೇಲಿನ ನಷ್ಟ ಎಂಬ ಮಾತಿಗೆ ಇಷ್ಟೇ ಹೇಳುತ್ತೇನೆ: ಆಚಾರಿಯವರಿಗೆ ಇವತ್ತು ಆ ಷೇರಿನಿಂದ ಕೊಡಲು ಸಾಧ್ಯವಿರುವುದು 440, 800 ಅಲ್ಲ.

ಪಾಸ್‌ಬುಕ್, ಮಣಿಪಾಲ | ಮಾರ್ಚ್ 13, ಬೆಳಿಗ್ಗೆ 9.30

ತಾಳ್ಮೆಗೂ ಒಂದು ಬೆಲೆಯಿದೆ ಎಂದು ಹೇಳಲು ನನ್ನದೇ ಉದಾಹರಣೆ ಕೊಡುತ್ತೇನೆ. ನಾನು ದುಡಿದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ. 2016ರಲ್ಲಿ 79ರಂತೆ 1,000 ಷೇರು ಕೊಂಡೆ. 2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದಾಗ ಪ್ರತಿ 1,000 ಷೇರಿಗೆ ಕೆನರಾದ 158 ಷೇರು ಕೊಟ್ಟರು. 79,000ವನ್ನು 158ರಿಂದ ಭಾಗಿಸಿದರೆ ಒಂದಕ್ಕೆ 500 ಬಿತ್ತು. 2024ರ ಮೇ ತಿಂಗಳಿನಲ್ಲಿ ಒಂದು ಷೇರು ಐದಾಗಿ ವಿಭಜನೆಯಾಯಿತು, 158 ಹೋಗಿ 790 ಆಯಿತು, ನನ್ನ ಅಸಲು ಒಂದಕ್ಕೆ 100 ಆಯಿತು. ಬೆಲೆ ನೂರರ ಮೇಲಿದ್ದಾಗ ಮಾರಿ ನೆಮ್ಮದಿಯಾಗಿ ಹೊರಬಂದೆ. ನಡುವೆ ಮಾರಿದ್ದರೆ ನಷ್ಟವಾಗುತ್ತಿತ್ತು. ಎಂಟು ವರ್ಷ ಕಾದೆ, ಅಸಲಿಗೆ ಬಂತು.

ಲೆಡ್ಜರ್ ಅಕ್ಕ, ಕೊಡಿಯಾಲ್‌ಬೈಲ್ | ಮಾರ್ಚ್ 13, ಬೆಳಿಗ್ಗೆ 10.05

ಸರ್, ನೀವು ಬ್ಯಾಂಕಿನಲ್ಲಿದ್ದವರು, ನಿಮಗೆ ನಾನು ಹೇಳಬೇಕೆ? 79,000ವನ್ನು ನಿಮ್ಮದೇ ಕೌಂಟರಿನಲ್ಲಿ ಶೇಕಡಾ 6.5ರ ಠೇವಣಿಯಲ್ಲಿ ಎಂಟು ವರ್ಷ ಇಟ್ಟಿದ್ದರೆ ಸುಮಾರು 1,30,700 ಆಗುತ್ತಿತ್ತು. ಅಸಲಿಗೆ ಬಂದದ್ದನ್ನು ನಷ್ಟವಿಲ್ಲ ಎಂದು ನಾವು ಕರೆಯುವುದು ನಮ್ಮ ಸಮಾಧಾನಕ್ಕೆ.

ಪಾಸ್‌ಬುಕ್, ಮಣಿಪಾಲ | ಮಾರ್ಚ್ 13, ಬೆಳಿಗ್ಗೆ 10.40

ಲೆಕ್ಕ ಸರಿಯಾಗಿದೆ ಮೇಡಂ. ಡಿವಿಡೆಂಡ್ ಒಂದಿಷ್ಟು ಬಂತು ಎಂದು ವಾದಿಸಬಹುದಾಗಿತ್ತು, ಆದರೆ ಅದು ಆ ಅಂತರವನ್ನು ತುಂಬುವುದಿಲ್ಲ. ನನಗೆ ಈಗ ಬರೆಯುವಾಗಲೇ ಹೊಳೆದದ್ದು ಬೇರೆ. ಬ್ಯಾಂಕಿನ ಹೆಸರು ಬದಲಾಯಿತು, ಷೇರಿನ ಸಂಖ್ಯೆ ಎರಡು ಸಲ ಬದಲಾಯಿತು, ಆದರೂ ಪ್ರತಿ ಸಲವೂ ನಾನು ಕಾಗದ ಪೆನ್ನು ಹಿಡಿದು ಕುಳಿತು ಆ 79ನ್ನು ಹೊಸ ಬೆಲೆಗೆ ತಂದುಕೊಂಡೆ. ಕೆನರಾ ಬ್ಯಾಂಕಿನ ಷೇರು ಬೇಕೇ ಎಂದು ನನ್ನನ್ನು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಪುತ್ತೂರು ಚಾಲಿ | ಮಾರ್ಚ್ 13, ಮಧ್ಯಾಹ್ನ 1.15

ನಾನು ಷೇರು ಮಾಡುವವನಲ್ಲ, ಆದರೂ ಈ ಚರ್ಚೆ ನಮ್ಮ ಮನೆಯದೇ ಎನ್ನಿಸಿತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷದ ನಂತರ ಬೆಲೆ ಇಳಿದರೆ, ಆ ಹಳೆಯ ಧಾರಣೆ ಮತ್ತೆ ಬರಲಿ ಎಂದು ಮೂಟೆ ಕಟ್ಟಿ ಅಟ್ಟದಲ್ಲಿಟ್ಟು ಕಾಯುತ್ತೇವೆ. ಕೆಲವು ಸಲ ಕಾದದ್ದಕ್ಕೆ ಒಳ್ಳೆಯದೇ ಆಗಿದೆ. ಹಾಗಾದರೆ ನಾವೂ ತಪ್ಪು ಮಾಡುತ್ತಿದ್ದೇವೆಯೇ? ಧಾರಣೆ ಇಳಿದಾಗ ಕೊಟ್ಟುಬಿಡಬೇಕೇ?

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 13, ಮಧ್ಯಾಹ್ನ 2.00

ನಿಮ್ಮ ಪ್ರಶ್ನೆ ಬೇರೆಯೇ, ಆದರೆ ಬಹಳ ಉಪಯುಕ್ತವಾದ ಪ್ರಶ್ನೆ. ಮಂಗಳೂರು ಮಾರುಕಟ್ಟೆಯಲ್ಲಿ ಹೊಸ ಚಾಲಿಗಿಂತ, ಅಂದರೆ ಹೊಸದಾಗಿ ಒಣಗಿಸಿದ ಅಡಿಕೆಗಿಂತ, ಹಳೆ ಚಾಲಿಗೆ ಸಾಮಾನ್ಯವಾಗಿ ಹೆಚ್ಚು ಧಾರಣೆ ಇರುತ್ತದೆ. ಅಂದರೆ ನಿಮ್ಮ ಅಟ್ಟದಲ್ಲಿರುವ ಮಾಲು ಸರಿಯಾಗಿ ಒಣಗಿದ್ದು, ಹುಳು ಹಿಡಿಯದಿದ್ದರೆ, ಕಾಯುವುದರಿಂದಲೇ ಅದರ ದರ್ಜೆ ಬದಲಾಗುತ್ತದೆ. ಅಲ್ಲಿ ಕಾಯುವುದಕ್ಕೆ ಒಂದು ಕಾರಣವಿದೆ. ಷೇರು ಡಿಮ್ಯಾಟ್ ಖಾತೆಯಲ್ಲಿ ಎಷ್ಟು ವರ್ಷ ಕುಳಿತರೂ ಹಳೆ ಚಾಲಿ ಆಗುವುದಿಲ್ಲ. ಆದರೆ ನೀವು ದರ್ಜೆಗಾಗಿ ಕಾಯದೆ, ಹಿಂದೊಮ್ಮೆ ಕಂಡ ಒಂದು ಧಾರಣೆಗಾಗಿ ಕಾಯುತ್ತಿದ್ದರೆ, ನಿಮ್ಮದೂ ಹಂಚಿನಮನೆಯವರದೂ ಒಂದೇ ಕಾಯಿಲೆ.

ಪುತ್ತೂರು ಚಾಲಿ | ಮಾರ್ಚ್ 13, ಮಧ್ಯಾಹ್ನ 2.20

ಎರಡೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಅಣ್ಣನದು ಪೂರ್ತಿ ಎರಡನೆಯದು.

ಲೆಡ್ಜರ್ ಅಕ್ಕ, ಕೊಡಿಯಾಲ್‌ಬೈಲ್ | ಮಾರ್ಚ್ 13, ಸಂಜೆ 6.30

ಆಫೀಸು ಮುಗಿಸಿ ಬಂದು ಹಂಚಿನಮನೆಯವರ ತೆರಿಗೆಯ ಲೆಕ್ಕ ಹಾಕಿದೆ. ಮನಸ್ಸಿನ ಮಾತು ಮೇಷ್ಟ್ರಿಗೆ ಬಿಡುತ್ತೇನೆ, ಆದರೆ ಇಲ್ಲಿ ತೆರಿಗೆಯೂ ಅವರ ಪಕ್ಷವನ್ನೇ ಹಿಡಿಯುತ್ತದೆ.

ಪಂಪಿನ ಷೇರು ಕೊಂಡು ಹನ್ನೆರಡು ತಿಂಗಳು ಆಗಿಲ್ಲ. ಈಗ 280 ಮಾರಿದರೆ ಒಂದಕ್ಕೆ 250ರಂತೆ 70,000 ಅಲ್ಪಾವಧಿ ಲಾಭ, ಅದಕ್ಕೆ ಶೇಕಡಾ 20ರಂತೆ 14,000 ತೆರಿಗೆ. ಈಗಾಗಲೇ ಮಾರಿದ ಮೂರರ 64,000ಕ್ಕೆ 12,800. ಅವೂ ವರ್ಷದೊಳಗಿನವೇ ಎಂದು ಭಾವಿಸಿದ್ದೇನೆ. ಒಟ್ಟು 26,800, ಮೇಲಿನಿಂದ ಸೆಸ್ ಬೇರೆ.

ಬದಲಾಗಿ ರಾಸಾಯನಿಕದ್ದನ್ನು ಪೂರ್ತಿ ಮಾರಿದರೆ 2,20,000 ಕೈಗೆ ಬರುತ್ತದೆ, ಮಾಡಿನ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ. ನಷ್ಟ 1,80,000. ಅದರಲ್ಲಿ 64,000 ಈ ವರ್ಷದ ಲಾಭದೊಂದಿಗೆ ವಜಾ ಆಗಿ ಈ ಷೇರುಗಳ ಮೇಲಿನ ತೆರಿಗೆ ಸೊನ್ನೆಯಾಗುತ್ತದೆ. ಉಳಿದ 1,16,000ವನ್ನು ಮುಂದಿನ ಎಂಟು ವರ್ಷಗಳವರೆಗೆ ಒಯ್ಯಬಹುದು, ಆದರೆ ರಿಟರ್ನ್ಸ್ ಅನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಲೇಬೇಕು. ತಡವಾದರೆ ಆ ಹಕ್ಕು ಹೋಗುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ದಿನಾಂಕ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಬಗೆಯ ಲಾಭದಲ್ಲಿ ಕಳೆಯಬಹುದು. ಏಪ್ರಿಲ್‌ನಲ್ಲಿ ಹನ್ನೆರಡು ತಿಂಗಳು ದಾಟಿದರೆ ಅದೇ ನಷ್ಟ ದೀರ್ಘಾವಧಿಯದಾಗಿ, ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಲು ಸಿಗುತ್ತದೆ. ಪಂಪಿನದ್ದಕ್ಕೆ ಇದು ತಿರುಗುಮುರುಗು: ಜುಲೈ ದಾಟುವವರೆಗೆ ಇಟ್ಟರೆ ಅದು ದೀರ್ಘಾವಧಿಯಾಗುತ್ತದೆ, ಆಗ ವರ್ಷಕ್ಕೆ 1,25,000ದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ, ಮೇಲಿನದ್ದಕ್ಕೆ ಶೇಕಡಾ 12.5. ಲಾಭವನ್ನು ವರ್ಷ ದಾಟಿಸು, ನಷ್ಟವನ್ನು ವರ್ಷದೊಳಗೆ ಮುಗಿಸು ಎಂದು ಕಾನೂನು ಹೇಳುತ್ತಿದ್ದರೆ, ನನ್ನಲ್ಲಿಗೆ ಬರುವ ಹತ್ತರಲ್ಲಿ ಎಂಟು ಮಂದಿ ಸರಿಯಾಗಿ ಅದರ ವಿರುದ್ಧ ಮಾಡಿ ಬಂದಿರುತ್ತಾರೆ.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 13, ಸಂಜೆ 6.55

ಒಡೀನ್ ಅವರ ಲೆಕ್ಕದಲ್ಲಿಯೂ ಡಿಸೆಂಬರ್ ಒಂದು ತಿಂಗಳು ಮಾತ್ರ ಈ ರೂಢಿ ತಲೆಕೆಳಗಾಗುತ್ತದೆ, ನಷ್ಟದ್ದನ್ನೇ ಹೆಚ್ಚು ಮಾರುತ್ತಾರೆ. ಅಲ್ಲಿ ತೆರಿಗೆ ವರ್ಷ ಮುಗಿಯುವುದು ಆ ತಿಂಗಳಲ್ಲಿ. ನಮ್ಮಲ್ಲಿ ಮಾರ್ಚ್. ನಷ್ಟ ಒಪ್ಪಿಕೊಳ್ಳಲು ಮನುಷ್ಯನಿಗೆ ಒಂದು ನೆಪ ಬೇಕು, ತೆರಿಗೆ ಒಳ್ಳೆಯ ನೆಪ.

ಬಲ್ಮಠ ಬಾಡಿಗೆದಾರ | ಮಾರ್ಚ್ 13, ರಾತ್ರಿ 8.00

ಸರಿ, ತೆರಿಗೆಯ ವಿಷಯ ಒಪ್ಪಿದೆ. ಆದರೆ ತೆರಿಗೆ ಉಳಿಸಲು ಒಳ್ಳೆಯ ಕಂಪನಿಯನ್ನು ಬಿಟ್ಟುಕೊಡುವುದು ಯಾವ ನ್ಯಾಯ? ಇಲ್ಲಿ ಯಾರೂ ಆ ಕಂಪನಿ ಏಕೆ ಇಳಿಯಿತು ಎಂದು ಕೇಳಲೇ ಇಲ್ಲ.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 13, ರಾತ್ರಿ 8.20

ಇದು ಬಾಡಿಗೆದಾರರು ಕೇಳಿದ ಸರಿಯಾದ ಪ್ರಶ್ನೆ, ನಾನು ಮೊದಲೇ ಕೇಳಬೇಕಾಗಿತ್ತು. ಹಂಚಿನಮನೆಯವರೇ, 800 ಕೊಟ್ಟು ಕೊಂಡ ದಿನ ನಿಮ್ಮ ಮನಸ್ಸಿನಲ್ಲಿದ್ದ ಕಾರಣವೇನು?

ಹಂಚಿನಮನೆ, ಕಾಪು | ಮಾರ್ಚ್ 13, ರಾತ್ರಿ 9.45

ರಫ್ತು ಹೆಚ್ಚುತ್ತದೆ, ಹೊಸ ಘಟಕದಿಂದ ಲಾಭದ ಪ್ರಮಾಣ ಏರುತ್ತದೆ ಎಂಬ ಕಾರಣಕ್ಕೆ ಕೊಂಡೆ. ಆಮೇಲೆ ಸತತ ಮೂರು ತ್ರೈಮಾಸಿಕ ಲಾಭದ ಪ್ರಮಾಣ ಕುಸಿಯಿತು, ಘಟಕ ಇನ್ನೂ ಆರಂಭವಾಗಿಲ್ಲ. ಇವತ್ತು ನೋಡಿದಾಗ ಪ್ರವರ್ತಕರು ಸಾಲಕ್ಕೆ ಅಡವಿಟ್ಟ ತಮ್ಮ ಷೇರಿನ ಪಾಲು ಶೇಕಡಾ 4ರಿಂದ 31ಕ್ಕೆ ಏರಿದೆ. ನಿಜ ಹೇಳಬೇಕೆಂದರೆ, ಬೆಲೆ 600ಕ್ಕಿಂತ ಕೆಳಗೆ ಹೋದ ಮೇಲೆ ಆ ಕಂಪನಿಯ ಫಲಿತಾಂಶ ಓದುವುದನ್ನೇ ನಿಲ್ಲಿಸಿದ್ದೆ. ಪಂಪಿನದ್ದನ್ನು ಮಾತ್ರ ದಿನಕ್ಕೆ ನಾಲ್ಕು ಸಲ ನೋಡುತ್ತೇನೆ.

ಬಲ್ಮಠ ಬಾಡಿಗೆದಾರ | ಮಾರ್ಚ್ 13, ರಾತ್ರಿ 9.52

ಅಡವು 31 ಶೇಕಡಾ ಎಂದಾದರೆ ನಾನು ಆವರೇಜ್ ಎಂದು ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಉಳಿದದ್ದಕ್ಕೆ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಕದ್ರಿ ಗುಡ್ಡೆ | ಮಾರ್ಚ್ 14, ಬೆಳಿಗ್ಗೆ 8.30

ಎಲ್ಲರೂ ಯಾವುದನ್ನು ಮಾರಬೇಕು ಎಂದು ಹೇಳಿದಿರಿ, ಕೈ ಹೇಗೆ ಬರುತ್ತದೆ ಎಂದು ಹೇಳಲಿಲ್ಲ. ತಪ್ಪು ಎಂದು ಗೊತ್ತಿದ್ದೂ ನಾನು ನಾಲ್ಕು ವರ್ಷ ಒಂದು ಷೇರನ್ನು ಹಿಡಿದು ಕುಳಿತಿದ್ದೆ. ಮಾರುವ ಗುಂಡಿಯ ಮೇಲೆ ಬೆರಳಿಟ್ಟರೆ ಹೆಂಡತಿ ಏನೆನ್ನುತ್ತಾಳೋ, ನಾಳೆಯೇ ಏರಿದರೆ ಏನು ಗತಿಯೋ ಎಂಬ ಯೋಚನೆ ಬರುತ್ತಿತ್ತು.

ನನ್ನನ್ನು ಅದರಿಂದ ಹೊರತಂದದ್ದು ಒಂದು ರಾತ್ರಿಯ ಉಪಾಯ. ಷೇರನ್ನು ಪೂರ್ತಿ ಮಾರಿದೆ, ಬೇಕೆನಿಸಿದರೆ ನಾಳೆ ಬೆಳಿಗ್ಗೆ ಅಷ್ಟನ್ನೇ ಮತ್ತೆ ಕೊಳ್ಳುತ್ತೇನೆ ಎಂದು ನನಗೇ ಮಾತು ಕೊಟ್ಟುಕೊಂಡೆ. ಹಾಗೆ ಅಂದುಕೊಂಡ ಮೇಲೆ ಮಾರುವುದು ಕಷ್ಟವಾಗಲಿಲ್ಲ. ಮರುದಿನ ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದಾಗ ಎದುರಿಗಿದ್ದುದು ಬರೀ ಹಣ. ಆ ಹಣದಿಂದ ಜಗತ್ತಿನ ಎಲ್ಲ ಕಂಪನಿಗಳನ್ನು ಬಿಟ್ಟು ಇದನ್ನೇ ಕೊಳ್ಳಬೇಕೇ ಎಂದು ಕೇಳಿಕೊಂಡಾಗ ನಗು ಬಂತು. ಕೊಳ್ಳಲಿಲ್ಲ.

ಮಲ್ಪೆ ಬಂದರು | ಮಾರ್ಚ್ 14, ಬೆಳಿಗ್ಗೆ 8.41

ಮರುದಿನದವರೆಗೆ ಏಕೆ, ಅದೇ ದಿನ ಕೊಂಡರೆ ಆಗದೇ?

ಲೆಡ್ಜರ್ ಅಕ್ಕ, ಕೊಡಿಯಾಲ್‌ಬೈಲ್ | ಮಾರ್ಚ್ 14, ಬೆಳಿಗ್ಗೆ 9.10

ಆಗದು. ಅದೇ ದಿನ ಅದೇ ಷೇರನ್ನು ಮಾರಿ ಕೊಂಡರೆ ಎರಡೂ ಪರಸ್ಪರ ವಜಾ ಆಗಿ ಆ ದಿನದ ವ್ಯವಹಾರ ಎಂದು ಲೆಕ್ಕವಾಗುತ್ತದೆ. ನಿಮ್ಮ ಹಳೆಯ ಷೇರು ಖಾತೆಯಿಂದ ಹೊರಗೆ ಹೋಗುವುದೇ ಇಲ್ಲ, ಹಳೆಯ ನಷ್ಟವೂ ದಾಖಲಾಗುವುದಿಲ್ಲ. ಮರುದಿನ ಕೊಂಡರೆ ತೊಂದರೆಯಿಲ್ಲ. ಖರ್ಚು ದೊಡ್ಡದಲ್ಲ: 2,20,000ಕ್ಕೆ ಮಾರುವಾಗ ಷೇರು ವ್ಯವಹಾರದ ತೆರಿಗೆಯಾದ ಎಸ್‌ಟಿಟಿ 220, ಮತ್ತೆ ಕೊಂಡರೆ ಇನ್ನೊಂದು 220, ಜೊತೆಗೆ ಬ್ರೋಕರಿನ ಶುಲ್ಕ. ರಾತ್ರಿಯೊಳಗೆ ಬೆಲೆ ಹಾರಿದರೆ ಆ ಅಪಾಯ ನಿಮ್ಮದು. ಫಲಿತಾಂಶ ಬರುವ ಹಿಂದಿನ ದಿನ ಇದನ್ನು ಮಾಡಬೇಡಿ.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 14, ಬೆಳಿಗ್ಗೆ 10.00

ಕದ್ರಿಯವರ ಉಪಾಯ ಕೆಲಸ ಮಾಡುವುದಕ್ಕೆ ಕಾರಣವಿದೆ. ಕೊಂಡ ಬೆಲೆ ಎಂಬುದು ನಮ್ಮ ತಲೆಯೊಳಗೆ ತೆರೆದಿಟ್ಟ ಒಂದು ಖಾತೆ. ಅದನ್ನು ನಷ್ಟದಲ್ಲಿ ಮುಚ್ಚುವುದು ಎಂದರೆ ತಪ್ಪಾಯಿತು ಎಂದು ಸಹಿ ಹಾಕಿದಂತೆ. ಆ ಖಾತೆ ಒಮ್ಮೆ ಮುಚ್ಚಿದರೆ ಮರುದಿನದ ಪ್ರಶ್ನೆ ಸ್ವಚ್ಛವಾಗಿರುತ್ತದೆ. ಇದೇ ಕಾರಣದಿಂದ, ಒಂದನ್ನು ಮಾರಿ ತಕ್ಷಣ ಇನ್ನೊಂದನ್ನು ಕೊಳ್ಳುವವರಲ್ಲಿ ಈ ಕಾಯಿಲೆ ಕಡಿಮೆ ಎಂದು ಸಂಶೋಧನೆಗಳು ತೋರಿಸಿವೆ, ಏಕೆಂದರೆ ಖಾತೆ ಮುಚ್ಚಿದಂತೆ ಅವರಿಗೆ ಅನ್ನಿಸುವುದಿಲ್ಲ, ಹಣವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದಂತೆ ಅನ್ನಿಸುತ್ತದೆ. ಹಂಚಿನಮನೆಯವರಿಗೆ ಹಣ ಮಾಡಿಗೆ ಹೋಗುತ್ತದೆ, ಅದೂ ಸಾಗಾಟವೇ.

ಮ್ಯೂಚುವಲ್ ಫಂಡಿನಲ್ಲಿ ಇದು ಉಲ್ಟಾ ಆಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅಲ್ಲಿ ಜನ ನಷ್ಟದ ಫಂಡನ್ನೇ ಬೇಗ ಮಾರುತ್ತಾರೆ. ದೂರಲು ಅಲ್ಲಿ ಫಂಡ್ ಮ್ಯಾನೇಜರ್ ಇದ್ದಾನೆ, ಇಲ್ಲಿ ನಾವು ಮಾತ್ರ ಇದ್ದೇವೆ.

ಸುರತ್ಕಲ್ ಶಿಫ್ಟ್ | ಮಾರ್ಚ್ 14, ಮಧ್ಯಾಹ್ನ 3.30

ಇಷ್ಟೆಲ್ಲ ಸಂಕಟ ಏಕೆ? ಕೊಂಡ ದಿನವೇ ಸ್ಟಾಪ್‌ಲಾಸ್ ಹಾಕಿಬಿಟ್ಟರೆ ಮುಗಿಯಿತು ಎಂದು ಬರೆಯಲು ಹೊರಟೆ. ಆಮೇಲೆ ನನ್ನದೇ ಕಥೆ ನೆನಪಾಯಿತು. 300ಕ್ಕೆ ಕೊಂಡು, 255 ಮುಟ್ಟಿದರೆ 254ಕ್ಕೆ ಮಾರು ಎಂದು, ಆ ಬೆಲೆ ಬರುವವರೆಗೆ ಕಾದಿರುವ ಜಿಟಿಟಿ ಆದೇಶ ಹಾಕಿದ್ದೆ. ರಾತ್ರಿ ಪಾಳಿಯಲ್ಲಿದ್ದಾಗ ಕೆಟ್ಟ ಫಲಿತಾಂಶ ಬಂತು, ಬೆಳಿಗ್ಗೆ ಷೇರು ನೇರವಾಗಿ 231ಕ್ಕೆ ತೆರೆಯಿತು. ಆದೇಶ ಜಾಗೃತವಾಯಿತು, ಆದರೆ 254 ಕೊಡುವವರು ಯಾರೂ ಇರಲಿಲ್ಲ, ಹಾಗೆಯೇ ನೇತಾಡುತ್ತಿತ್ತು. ಮನೆಗೆ ಬಂದು ನೋಡಿದವನು 231ಕ್ಕೆ ಮಾರಬೇಕಾಗಿತ್ತು. ಇಷ್ಟು ಬಿದ್ದ ಮೇಲೆ ಈಗ ಏಕೆ ಎಂದು ಆದೇಶವನ್ನು ರದ್ದು ಮಾಡಿ ಮಲಗಿದೆ. ಈಗ 170 ಇದೆ, ಇನ್ನೂ ನನ್ನಲ್ಲಿಯೇ ಇದೆ.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 14, ಸಂಜೆ 4.15

ಆದೇಶ ವಿಫಲವಾದದ್ದು ಒಂದು ಸಂಗತಿ, ನೀವು ರದ್ದು ಮಾಡಿದ್ದು ಇನ್ನೊಂದು. ಮೊದಲನೆಯದಕ್ಕೆ ಮಾರುವ ಬೆಲೆಯನ್ನು ಎಚ್ಚರಿಕೆಯ ಬೆಲೆಗಿಂತ ಸಾಕಷ್ಟು ಕೆಳಗೆ ಇಡುವುದು ಸ್ವಲ್ಪ ಪರಿಹಾರ. ಆದರೂ ಅದಕ್ಕಿಂತ ಕೆಳಗೆ ತೆರೆದರೆ, ಅಥವಾ ಷೇರು ದಿನದ ಕೆಳಮಿತಿಯಾದ ಲೋವರ್ ಸರ್ಕ್ಯೂಟಿನಲ್ಲಿ ಸಿಕ್ಕಿಕೊಂಡರೆ, ಏನೂ ನಡೆಯದು. ಮಾರಿದ ಷೇರನ್ನು ಖಾತೆಯಿಂದ ತೆಗೆಯಲು ಬ್ರೋಕರಿಗೆ ಮೊದಲೇ ಅಧಿಕಾರ ಕೊಡುವ ಡಿಡಿಪಿಐ ಕಾಗದಕ್ಕೆ ಸಹಿ ಹಾಕದವರಿಗೆ ಇನ್ನೊಂದು ತೊಡಕಿದೆ: ಆ ದಿನದ ಒಪ್ಪಿಗೆ ಕೊಟ್ಟಿರದಿದ್ದರೆ ಮಾರಾಟದ ಆದೇಶವೇ ತಿರಸ್ಕೃತವಾಗಬಹುದು. ಎರಡನೆಯದಕ್ಕೆ ಆ್ಯಪಿನಲ್ಲಿ ಔಷಧವಿಲ್ಲ. ನಾನು ಮಾಡುವುದೇನೆಂದರೆ, ಕೊಳ್ಳುವ ದಿನವೇ ಡೈರಿಯಲ್ಲಿ ಎರಡು ಸಾಲು ಬರೆಯುತ್ತೇನೆ: ಏಕೆ ಕೊಂಡೆ, ಏನು ನಡೆದರೆ ಆ ಕಾರಣ ಸುಳ್ಳಾಯಿತು ಎಂದು ಒಪ್ಪುತ್ತೇನೆ. ಎರಡನೆಯ ಸಾಲಿನಲ್ಲಿ ಬೆಲೆ ಬರೆಯುವುದಿಲ್ಲ, "ಎರಡು ತ್ರೈಮಾಸಿಕ ಲಾಭದ ಪ್ರಮಾಣ ಕುಸಿದರೆ" ಎಂಬಂಥದ್ದನ್ನು ಬರೆಯುತ್ತೇನೆ.

ಕದ್ರಿ ಗುಡ್ಡೆ | ಮಾರ್ಚ್ 14, ಸಂಜೆ 5.00

ನನ್ನ ಆ್ಯಪಿನಲ್ಲಿ ಕೊಂಡ ಬೆಲೆಯ ಅಂಕಣವನ್ನು ಮರೆಮಾಡಲು ಬರುವುದಿಲ್ಲ. ಆದ್ದರಿಂದ ಕಂಪನಿಯ ಹೆಸರು, ಇವತ್ತಿನ ಬೆಲೆ, ಒಟ್ಟು ಮೊತ್ತ ಇಷ್ಟನ್ನೇ ಬೇರೊಂದು ಹಾಳೆಯಲ್ಲಿ ಬರೆದುಕೊಂಡು ತಿಂಗಳಿಗೊಮ್ಮೆ ಅದನ್ನು ನೋಡಿ ತೀರ್ಮಾನಿಸುತ್ತೇನೆ. ಕೆಂಪು ಹಸಿರು ಇಲ್ಲದಿದ್ದರೆ ತಲೆ ತಣ್ಣಗಿರುತ್ತದೆ.

ಪಾಸ್‌ಬುಕ್, ಮಣಿಪಾಲ | ಮಾರ್ಚ್ 15, ಬೆಳಿಗ್ಗೆ 9.00

ಒಂದು ಎಚ್ಚರಿಕೆ ಹೇಳುತ್ತೇನೆ. ಇದನ್ನೆಲ್ಲ ಓದಿ ಯಾರಾದರೂ ತಮ್ಮ ಇಂಡೆಕ್ಸ್ ಫಂಡ್ ಹತ್ತು ಶೇಕಡಾ ಇಳಿದದ್ದನ್ನು ನೋಡಿ ಮಾರಿಬಿಟ್ಟಾರು. ಐವತ್ತು ಕಂಪನಿಗಳು ಒಟ್ಟಿಗೆ ಇಳಿದದ್ದಕ್ಕೂ ಒಂದು ಕಂಪನಿ ಅಡವಿಗೆ ಬಿದ್ದು ಇಳಿದದ್ದಕ್ಕೂ ಅಜಗಜಾಂತರವಿದೆ.

ಅಂಕಿಸಂಖ್ಯೆ ಮೇಷ್ಟ್ರು, ಮಂಗಳೂರು | ಮಾರ್ಚ್ 15, ಬೆಳಿಗ್ಗೆ 9.25

ಪೂರ್ತಿ ಒಪ್ಪುತ್ತೇನೆ. ಲಾಭದ್ದನ್ನು ಎಂದೂ ಮಾರಬಾರದು ಎಂದೂ ನಾನು ಹೇಳಲಿಲ್ಲ. ಪಂಪಿನ ಕಂಪನಿಯೇ ಇವರ ಹಣದ ಮುಕ್ಕಾಲು ಪಾಲು ಆಗಿದ್ದರೆ ಸ್ವಲ್ಪ ಇಳಿಸಿ ಎನ್ನುತ್ತಿದ್ದೆ.

ಹಂಚಿನಮನೆ, ಕಾಪು | ಮಾರ್ಚ್ 17, ರಾತ್ರಿ 8.15

ನಿನ್ನೆ ಸೋಮವಾರ ರಾಸಾಯನಿಕದ 500 ಷೇರುಗಳನ್ನೂ ಮಾರಿದೆ, ಸರಾಸರಿ 438 ಸಿಕ್ಕಿತು. ಕದ್ರಿಯವರು ಹೇಳಿದಂತೆ ನಾಳೆ ಬೇಕಾದರೆ ಕೊಳ್ಳಬಹುದು ಎಂದುಕೊಂಡೇ ಮಾರಿದೆ. ಮಾರುವಾಗ ಮಗಳು ಪಕ್ಕದಲ್ಲಿ ಕುಳಿತಿದ್ದಳು. ಇವತ್ತು ಬೆಳಿಗ್ಗೆ ಅದು 455ಕ್ಕೆ ಏರಿತು. ಹತ್ತು ಗಂಟೆಗೆ ಸರಿಯಾಗಿ ಮಾವನವರ ಫೋನ್ ಬಂತು, ನಾನು ಹೇಳಿದ್ದೆನಲ್ಲ ಎಂದರು. ಅವರಿಗೆ ಉತ್ತರ ಕೊಡಲು ನನಗೆ ತೋಚಲಿಲ್ಲ, ಆದರೆ ಕೊಳ್ಳುವ ಮನಸ್ಸೂ ಆಗಲಿಲ್ಲ.

ಹಣ ಇವತ್ತು ಖಾತೆಗೆ ಬಂದಿದೆ. ಆಚಾರಿಯವರಿಗೆ ಮುಂಗಡ ಕೊಟ್ಟಾಯಿತು. ಉಳಿದ ನಾಲ್ಕು ಸಣ್ಣ ಷೇರುಗಳಲ್ಲಿ ಎರಡನ್ನು ಏಕೆ ಕೊಂಡೆ ಎಂಬುದೇ ನೆನಪಾಗುತ್ತಿಲ್ಲ.

ಬಲ್ಮಠ ಬಾಡಿಗೆದಾರ | ಮಾರ್ಚ್ 17, ರಾತ್ರಿ 8.30

455 ಆಯಿತಲ್ಲ! ಒಂದು ದಿನ ತಡೆದಿದ್ದರೆ ಎಂಟೂವರೆ ಸಾವಿರ ಹೆಚ್ಚು ಸಿಗುತ್ತಿತ್ತು. ನಾನು ಇನ್ನೂ ಒಪ್ಪಿಲ್ಲ.

ಲೆಡ್ಜರ್ ಅಕ್ಕ, ಕೊಡಿಯಾಲ್‌ಬೈಲ್ | ಮಾರ್ಚ್ 17, ರಾತ್ರಿ 8.50

ಹಂಚಿನಮನೆಯವರೇ, ನೆನಪಾಗದ ಆ ಎರಡರ ಕೊಂಡ ದಿನಾಂಕಗಳನ್ನು ಇಲ್ಲಿ ಹಾಕಿ. ಮಾರ್ಚ್ ಮುಗಿಯಲು ಇನ್ನು ಕೆಲವೇ ದಿನಗಳಿವೆ, ಕೊನೆಯ ದಿನಕ್ಕೆ ಬಿಡಬೇಡಿ.